ಅಬ್ಬಿ ದಾರಿಯಲ್ಲಿ ಬುಲೆಟ್‌ಗೆ ಜ್ವರ

ಸಾಲು ರಜೆ ಬಂತೆಂದರೆ ಮಡಿಕೇರಿಯಿಂದ ಅಬ್ಬಿ ಜಲಪಾತಕ್ಕೆ ಹೋಗುವ ದಾರಿಯಲ್ಲಿ ವಾಹನಗಳು ತೆವಳುತ್ತವೆ. ಆ ಸಾಲಿನಲ್ಲೊಂದು ಹಳೇ 350 ಸಿಸಿ ಪಾಯಿಂಟ್ ಬುಲೆಟ್ ಇದ್ದೇ ಇರುತ್ತದೆ. ಗಾಳಿಯೇ ತಂಪು ಮಾಡಬೇಕಾದ ಎಂಜಿನ್, ಮುಂದಿನ ಟೂರಿಸ್ಟ್ ಬಸ್ಸಿನ ಬಿಸಿ ಹೊಗೆ ಕುಡಿದು ಏದುಸಿರು ಬಿಡುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಸದ್ದು ಮಾತ್ರ, ಬಲವಿಲ್ಲ. ತಕ್ಷಣ ತಜ್ಞರು ಹುಟ್ಟಿಕೊಳ್ಳುತ್ತಾರೆ. "ನೀರು ಹಾಕಿ ಸಾರ್!" ಎನ್ನುವವರ ಕೈಗೆ ಬಾಟಲಿ ಕೊಡಬೇಡಿ. ಕಾದ ಹೆಡ್ಡಿಗೆ ತಣ್ಣೀರು ಬಿದ್ದರೆ ಬಿರುಕು ಬಿಟ್ಟೀತು. ಬದಿಗೆ ನಿಲ್ಲಿಸಿ, ಆರಲು ಬಿಡಿ.

ಆಮೇಲೆ ಆಯಿಲ್. ರಾತ್ರಿಯೆಲ್ಲ ನಿಂತ ಬುಲೆಟ್‌ನ ಡಿಪ್‌ಸ್ಟಿಕ್ ನಂಬಬೇಡಿ. ಟ್ಯಾಂಕಿನ ಆಯಿಲ್ ಕ್ರ್ಯಾಂಕ್‌ಕೇಸಿಗೆ ಇಳಿದು ಕೂತಿರುತ್ತದೆ. ಖಾಲಿಯಾಗಿದೆ ಎಂದು ಮೇಲೆ ಸುರಿದರೆ, ಸ್ಟಾರ್ಟ್ ಆದಮೇಲೆ ಬ್ರೀದರ್‌ನಿಂದ ಕಾರುತ್ತದೆ. ಐದು ನಿಮಿಷ ಓಡಿಸಿ, ನಿಲ್ಲಿಸಿ, ಆಮೇಲೆ ನೋಡಿ.

ಆಯಿಲ್ ಸರಿಯಿದ್ದರೆ ಮಿಕ್ಸ್‌ಚರ್, ಅಂದರೆ ಗಾಳಿ-ಪೆಟ್ರೋಲ್ ಬೆರಕೆ: ಪೆಟ್ರೋಲ್ ಕಡಿಮೆಯಾದರೆ ಲೀನ್, ಹೆಚ್ಚಾದರೆ ರಿಚ್. "ಮಡಿಕೇರಿ ಎತ್ತರದಲ್ಲಿದೆ, ಅದಕ್ಕೇ ಲೀನ್ ಆಗಿದೆ" ಎಂಬ ಮಾತು ಚಹಾ ಅಂಗಡಿಯಲ್ಲಿ ಚೆನ್ನಾಗಿ ಓಡುತ್ತದೆ, ಆದರೆ ಲೆಕ್ಕ ತಲೆಕೆಳಗು. ಎತ್ತರದಲ್ಲಿ ಗಾಳಿ ತೆಳು, ಆದ್ದರಿಂದ ಕಾರ್ಬುರೇಟರ್ ಗಾಡಿ ರಿಚ್ ಆಗುತ್ತದೆ. ಇಲ್ಲಿ ಲೀನ್ ಕಂಡರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಚೋಕ್ ಅರ್ಧ ಎಳೆದು ನೋಡಿ. ಎಂಜಿನ್ ಚೇತರಿಸಿಕೊಂಡರೆ ಅನುಮಾನ ನಿಜ. ಗಾಡಿ ಐಡಲ್‌ನಲ್ಲಿರುವಾಗ ಕಾರ್ಬುರೇಟರ್ ಹೆಡ್ಡಿಗೆ ಸೇರುವ ಜಾಗಕ್ಕೆ ಮಾತ್ರ ಒಂದೆರಡು ಹನಿ ಸೋಪಿನ ನೀರು ಬಿಡಿ. ಐಡಲ್ ಬದಲಾದರೆ ಕಳ್ಳ ಸಿಕ್ಕಿದ: ಗ್ಯಾಸ್ಕೆಟ್ ಬದಲಿಸಿ.

ಚೋಕ್ ಎಳೆದರೂ ಬಲ ಬರಲಿಲ್ಲವೇ? ಹಾಗಾದರೆ ಕಿಡಿಯ ಹೊತ್ತು ನಿರ್ಧರಿಸುವ ಸ್ವಿಚ್ಚಾದ ಪಾಯಿಂಟ್ಸ್‌ನ ಮುಚ್ಚಳ ತೆಗೆಯಿರಿ. ಕ್ಯಾಮಿನ ಮೇಲೆ ಉಜ್ಜುವ ಪುಟ್ಟ ಫೈಬರ್ ಹಿಮ್ಮಡಿಗೆ ಗ್ರೀಸ್ ಹಾಕುವವರು ಕಡಿಮೆ. ಅದು ಸವೆದಂತೆ ಗ್ಯಾಪ್ ಕಿರಿದಾಗುತ್ತದೆ, ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಪಿಸ್ಟನ್ ತಳ್ಳಬೇಕಾದ ಬೆಂಕಿಯ ಒಂದು ಪಾಲು ಸೈಲೆನ್ಸರ್ ಪೈಪನ್ನು ಕಾಯಿಸಲು ಹೋಗುತ್ತದೆ. ಬಿಸಿ ಜಾಸ್ತಿ, ಬಲ ಕಡಿಮೆ, ಪೈಪಿನ ಬುಡ ನೀಲಿ.

ಮೊದಲು ಗ್ಯಾಪ್ 0.35ರಿಂದ 0.40 ಮಿ.ಮೀ.ಗೆ ಹೊಂದಿಸಿ, ಆಮೇಲೇ ಟೈಮಿಂಗ್. ಕ್ರಮ ತಪ್ಪಿದರೆ ಗ್ಯಾಪ್ ಮುಟ್ಟಿದ ಕೂಡಲೇ ಟೈಮಿಂಗ್ ಮತ್ತೆ ಕೆಡುತ್ತದೆ. ಕಂಪ್ರೆಷನ್ ಹೊಡೆತದಲ್ಲಿ ಪಿಸ್ಟನ್ ತುದಿ ಮುಟ್ಟಲು 0.8 ಮಿ.ಮೀ. ಉಳಿದಿರುವಾಗ ಪಾಯಿಂಟ್ ಆಗಷ್ಟೇ ಬಿಡಬೇಕು. ಪಾಯಿಂಟ್ ನಡುವೆ ಬೀಡಿ ಕಟ್ಟಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಾ ಎಂಜಿನ್ ತಿರುಗಿಸಿದರೆ, ಅದು ಜಾರುವ ಕ್ಷಣವೇ ಗುರುತು. ವೇಗ ಏರಿದಂತೆ ಕಿಡಿಯನ್ನು ಮುಂಚೆ ಮಾಡುವ ಅಡ್ವಾನ್ಸ್ ಯೂನಿಟ್‌ನ ತೂಕಗಳು ಕೈಯಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆತಕ್ಕೆ ವಾಪಸ್ ಬರುತ್ತವೆಯೇ ನೋಡಿ. ಮಳೆಗಾಲದ ತುಕ್ಕಿಗೆ ಅಂಟಿಕೊಂಡಿದ್ದರೆ ಮೇಲಿನದ್ದೆಲ್ಲ ಮಾಡಿಯೂ ಗಾಡಿ ಏರು ಹತ್ತುವುದಿಲ್ಲ.