ತೊಡದೇವಿನಂತೆ ಮಡಚಿದ ಪ್ರಶ್ನೆಪತ್ರಿಕೆ

ಶನಿವಾರ ರಾತ್ರಿ ಒಂಬತ್ತೂವರೆಗೆ ನನ್ನ ವಾಟ್ಸಾಪಿಗೆ ಒಂದು ಫೋಟೋ ಬಂತು. ತೆರೆದು ನೋಡಿದರೆ ಮಸುಕು ಬಿಳಿ, ನಡುವೆ ಎರಡು ಕಪ್ಪು ಗೆರೆ, ಬಲಗಡೆ ಒಂದು ದಪ್ಪ ಹೆಬ್ಬೆರಳು. ಪಕ್ಕದಲ್ಲಿ ಕೂತಿದ್ದ ಅಮ್ಮ ಇಣುಕಿ ನೋಡಿ, "ಯಾರ ಎಕ್ಸ್‌ರೇ ಮಾರಾಯ?" ಅಂದಳು.

ಎಕ್ಸ್‌ರೇ ಅಲ್ಲ, ಇತಿಹಾಸದ ಇಂಟರ್ನಲ್ ಪರೀಕ್ಷೆಯ ಪ್ರಶ್ನೆಪತ್ರಿಕೆ. ಪರೀಕ್ಷೆ ಅವತ್ತು ಬೆಳಿಗ್ಗೆಯೇ ಮುಗಿದಿತ್ತು. ಪತ್ರಿಕೆ ತೆಗೆದವರು ನಮ್ಮ ವಿಭಾಗದ ಹಿರಿಯ ಮೇಷ್ಟ್ರು. ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಹೇಳುವ ಸ್ಕೀಮ್ ಬರೆಯಬೇಕಾದವರೂ ಅವರೇ. ಆದರೆ ಯಲ್ಲಾಪುರದ ಆಚೆ, ಘಟ್ಟದ ಒಳಗಿರುವ ಅವರ ಮೂಲಮನೆಯಲ್ಲಿ ಭಾನುವಾರ ಉಪನಯನ. ಒಂದು ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ತುರುಕಿಕೊಂಡು, "ರಾತ್ರಿ ಕೂತು ಬರೀತೆ" ಅಂತ ಬಸ್ ಹತ್ತಿದ್ದರು. ಅಲ್ಲಿ ಹೋದಮೇಲೆ ಕರೆಂಟ್ ಇಲ್ಲ, ಮಳೆ ಬೇರೆ. ನೆಟ್‌ವರ್ಕ್ ಬೇಕಾದರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ಕೊಡೆ ಹಿಡಿದು ಗುಡ್ಡ ಹತ್ತಿ, ಟಾರ್ಚ್ ಬೆಳಕಿನಲ್ಲಿ ಫೋಟೋ ಹೊಡೆದು ಕಳಿಸಿದ್ದರು. ಕೆಳಗೆ ಒಂದೇ ಸಾಲು: "ಸ್ಕೀಮ್ ನೀವೇ ಮಾಡಿಬಿಡಿ, ಸೋಮವಾರ ವ್ಯಾಲ್ಯುಯೇಷನ್." ಆಮೇಲೆ ಫೋನ್ ಸ್ವಿಚ್ ಆಫ್.

ಹಾಳೆ ನಮ್ಮ ಶಿರಸಿ ಕಡೆಯ ಸಿಹಿತಿಂಡಿ ತೊಡದೇವಿನಂತೆಯೇ ಇತ್ತು. ತೆಳ್ಳಗೆ, ಮಡಿಕೆ ಮಡಿಕೆ, ಬಿಚ್ಚಿದರೆ ಮುರಿಯುತ್ತೇನೆ ಅನ್ನುವ ಹಾಗೆ. ಮೂಲೆಯಲ್ಲಿ ಒಂದು ಹಳದಿ ಕಲೆ. ಅಪ್ಪೆಹುಳಿ ಇರಬೇಕು.

ಮೊದಲು ಹೆಬ್ಬೆರಳಿನ ವಿಷಯ ಹೇಳಿಬಿಡುತ್ತೇನೆ, ಅದು ಸಣ್ಣದು. ಮೇಲೆ "ಗರಿಷ್ಠ ಅಂಕಗಳು: 50" ಅಂತ ಸ್ಪಷ್ಟವಾಗಿತ್ತು. ಮೊದಲ ಭಾಗ ಎರಡಂಕದ ಐದು ಪ್ರಶ್ನೆ, ಹತ್ತಾಯಿತು. ಎರಡನೇ ಭಾಗ ಐದಂಕದ ನಾಲ್ಕು, ಇಪ್ಪತ್ತು. ಕೊನೆಯ ಭಾಗದಲ್ಲಿ ಹತ್ತಂಕದ ಪ್ರಬಂಧ ಪ್ರಶ್ನೆ ಮೂರು. ಒಟ್ಟು ಅರವತ್ತು! ಎರಡು ಸಲ ಕೂಡಿಸಿದೆ, ಅರವತ್ತೇ. ಹತ್ತು ಅಂಕ ಜಾಸ್ತಿ ಅಂದರೆ ಹೆಬ್ಬೆರಳಿನ ಅಡಿಯಲ್ಲಿ "ಯಾವುದಾದರೂ ಎರಡಕ್ಕೆ ಉತ್ತರಿಸಿ" ಅಂತ ಇರಲೇಬೇಕು. ಇದ್ದದ್ದೂ ಹಾಗೆಯೇ. ಅದಕ್ಕೇ ಸ್ಕೀಮ್ ಬರೆಯಲು ಕೂತಾಗ ಮೊದಲ ಕೆಲಸ ಅಂಕ ಕೂಡಿಸುವುದು.

ಅಂಕಿ ತಪ್ಪಿದರೆ ಹೀಗೆ ಕೂಡಿಸಿ ಹಿಡಿಯಬಹುದು. ಶಬ್ದ ತಪ್ಪಿದರೆ?

ಹತ್ತನೇ ಪ್ರಶ್ನೆ ಹೀಗಿತ್ತು: "1930ರಿಂದ 1932ರ ಅವಧಿಯ ಕಾನೂನುಭಂಗ ಚಳವಳಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಪಾತ್ರವನ್ನು ವಿ". ಅಲ್ಲಿ ಮಡಿಕೆ. ಮಡಿಕೆಯ ಆಚೆ "ಸಿ". ನಡುವಿನದು ಸವೆದು ಹೋಗಿದೆ. ಜೂಮ್ ಮಾಡಿದರೆ ಮಸುಕೇ ದೊಡ್ಡದಾಯಿತು.

ವಿವರಿಸಿ? ವಿಮರ್ಶಿಸಿ? ವಿಶ್ಲೇಷಿಸಿ?

ಸ್ಕೀಮ್ ಬರೆಯುವವನಿಗೆ ಇವು ಮೂರೂ ಒಂದೇ ಅಲ್ಲ. "ವಿವರಿಸಿ" ಅಂದರೆ ಏನೇನಾಯಿತು ಅಂತ ಹೇಳಿದರೆ ಸಾಕು. ಹತ್ತು ಅಂಶ ಪಟ್ಟಿ ಮಾಡಿ, ಅಂಶಕ್ಕೊಂದು ಅಂಕ ಅಂತ ಬರೆದುಬಿಟ್ಟರೆ ಕೆಲಸ ಮುಗಿಯಿತು. "ವಿಮರ್ಶಿಸಿ" ಅಂದರೆ ವಿದ್ಯಾರ್ಥಿ ತೂಗಿ ನೋಡಬೇಕು. ಯಾವುದು ದೊಡ್ಡದು, ಯಾಕೆ, ಅದರ ಮಿತಿ ಏನು ಅಂತ ಹೇಳಬೇಕು. ಆ ತೂಗುವಿಕೆಗೆ ಬೇರೆ ಅಂಕ ಇಡಬೇಕು.

ನಾನು ಪತ್ತೇದಾರನಾದೆ. "ವಿಶ್ಲೇಷಿಸಿ" ಆಗಿದ್ದರೆ ಶಕಾರದ ಕೆಳಗೆ ಲಕಾರದ ಒತ್ತು ಸಾಲಿಗಿಂತ ಕೆಳಗೆ ಇಳಿದಿರಬೇಕು. ಅಲ್ಲಿ ಕಾಗದ ಚೊಕ್ಕವಾಗಿತ್ತು, ಒತ್ತು ಇಲ್ಲ. ಹಾಗಾಗಿ ಅದು ಹೊರಗೆ. ಉಳಿದ ಎರಡರಲ್ಲೂ ನಾಲ್ಕೇ ಅಕ್ಷರ. ಮಡಿಕೆಯ ಅಂಚಿನಲ್ಲಿ ಸಣ್ಣ ಕೊಕ್ಕೆಯಂಥ ಗುರುತೊಂದು ಕಾಣುತ್ತಿತ್ತು. ಅರ್ಕಾವೊತ್ತು ಇರಬಹುದಾ ಅಂತ ಒಂದು ಕ್ಷಣ ಅನ್ನಿಸಿತು. ಗಂಟೆ ಹನ್ನೊಂದಾಗಿತ್ತು. ಅದು ಕಾಗದದ ಸುಕ್ಕು ಅಂತ ತೀರ್ಮಾನಿಸಿದೆ. ಸುಕ್ಕು ಆದರೆ ನನಗೆ ಕೆಲಸ ಕಡಿಮೆ, ಅಲ್ವಾ?

ಹತ್ತು ಅಂಶ ಬರೆದೆ. ಮಾರ್ಚ್ 12, 1930ರಂದು ಸಾಬರಮತಿಯಿಂದ ಯಾತ್ರೆ ಹೊರಟಿದ್ದು, ಜೊತೆಗೆ ಹೊರಟ 78 ಜನ, ಸುಮಾರು 385 ಕಿ.ಮೀ. ನಡಿಗೆ, ಏಪ್ರಿಲ್ 6ಕ್ಕೆ ದಾಂಡಿಯಲ್ಲಿ ಉಪ್ಪು ಹಿಡಿದದ್ದು, ಮಾರ್ಚ್ 5, 1931ರ ಗಾಂಧಿ-ಇರ್ವಿನ್ ಒಪ್ಪಂದ. ಇವು ಐದು. ಮುಂದಿನ ಐದು ನಮ್ಮ ಜಿಲ್ಲೆಯವು: 1930ರ ಏಪ್ರಿಲ್‌ನಲ್ಲೇ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ, ಸಿದ್ದಾಪುರ ಮತ್ತು ಅಂಕೋಲಾ ಕಡೆಯ ಕರನಿರಾಕರಣೆ, ಜಮೀನು ಜಪ್ತಿ, ಹೆಂಗಸರು ಮುಂದೆ ಬಂದದ್ದು, 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದಮೇಲೆ ಜಮೀನು ಮರಳಿದ್ದು. ಅಂಶಕ್ಕೊಂದು ಅಂಕ. ಹಾಯಾಗಿ ಮಲಗಿದೆ.

ಸೋಮವಾರ ನಾನು ಮತ್ತು ನಮ್ಮ ಅತಿಥಿ ಉಪನ್ಯಾಸಕಿ ಮೇಡಂ ಕೂತೆವು. ಇಬ್ಬರು ಮೌಲ್ಯಮಾಪನ ಮಾಡುವಾಗ ಮೊದಲು ಐದು ಉತ್ತರಪತ್ರಿಕೆ ಆರಿಸಿ, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಅಂಕ ಹಾಕಿ ಹೋಲಿಸುವುದು ನಮ್ಮ ರೂಢಿ. ಪತ್ರಿಕೆಯ ಮೇಲೆ ಗೀಟು ಹಾಕುವುದಿಲ್ಲ. ಹಾಕಿದರೆ ಎರಡನೆಯವರು ಮೊದಲನೆಯವರ ಗೀಟನ್ನೇ ಓದುತ್ತಾರೆ, ಉತ್ತರವನ್ನಲ್ಲ. ಅಂತರ ಒಂದು ಅಂಕದ ಒಳಗಿದ್ದರೆ ಸ್ಕೀಮ್ ಸರಿ ಇದೆ ಅಂತ ಅರ್ಥ.

ಮೊದಲ ಪತ್ರಿಕೆಗೆ ನಾನು 9 ಕೊಟ್ಟೆ. ದಾಂಡಿಯ ಐದೂ ಅಂಶ, ನಮ್ಮ ಜಿಲ್ಲೆಯ ನಾಲ್ಕು. ಮೇಡಂ 6 ಹಾಕಿದ್ದರು. ಮೂರನೇ ಪತ್ರಿಕೆಗೆ ನಾನು 4, ಅವರು 8.

"ನಾಲ್ಕೇ ಯಾಕೆ ಸರ್?" ಅಂದರು. "ಸ್ಕೀಮಿನ ನಾಲ್ಕೇ ಪಾಯಿಂಟ್ ಇವೆಯಲ್ಲ ಮೇಡಂ." "ಓದಿ ನೋಡಿ."

ಓದಿದೆ. ಯಾರೋ ಹುಡುಗಿ. ಅಕ್ಷರ ಕೋಳಿ ಕೆದರಿದ ಹಾಗೆ. ಅವಳು ದಾಂಡಿಯ ಸುದ್ದಿಗೇ ಹೋಗಿರಲಿಲ್ಲ. ಉಪ್ಪು ಮಾಡಲು ಸಮುದ್ರದ ನೀರು, ಒಂದು ಬಾಣಲೆ ಇದ್ದರೆ ಸಾಕು, ಜಮೀನೇ ಇಲ್ಲದವನೂ ಆ ಕಾನೂನು ಮುರಿಯಬಹುದಿತ್ತು, ಹಿಡಿದರೆ ಜೈಲು, ಜೈಲಿನಿಂದ ಒಂದು ದಿನ ಹೊರಗೆ ಬರುತ್ತಾನೆ ಅಂತ ಬರೆದಿದ್ದಳು. ಕರ ಕೊಡದವನ ತೋಟ ಹೋದರೆ ಮನೆಯ ಅನ್ನವೇ ಹೋಗುತ್ತದೆ. ಅದು ಮರಳಲು 1937 ದಾಟಬೇಕಾಯಿತು. ಹಾಗಾಗಿ ಜಿಲ್ಲೆಯ ಪಾತ್ರ ತೂಗುವಾಗ ಉಪ್ಪಿಗಿಂತ ಕರನಿರಾಕರಣೆ ಭಾರ. ಆದರೆ ಅದು ಜಮೀನು ಇದ್ದವರ ಹೋರಾಟ, ಕೂಲಿಯವರು ಅದರಲ್ಲಿ ಎಷ್ಟು ಕಾಣುತ್ತಾರೆ ಅನ್ನುವುದು ಬೇರೆ ಪ್ರಶ್ನೆ ಅಂತ ಮುಗಿಸಿದ್ದಳು.

ನನಗೆ ಸ್ವಲ್ಪ ನಾಚಿಕೆಯಾಯಿತು. ಆದರೂ ಬಿಡಲಿಲ್ಲ. "ಚೆನ್ನಾಗಿದೆ ಮೇಡಂ, ಆದರೆ ಪ್ರಶ್ನೆಯಲ್ಲಿ ವಿವರಿಸಿ ಅಂತ ಮಾತ್ರ ಕೇಳಿದ್ದಾರೆ."

ಮೇಡಂ ಮಾತಾಡಲಿಲ್ಲ. ತಮ್ಮ ಚಹಾ ಲೋಟ ಎತ್ತಿದರು. ಅದರ ಅಡಿಯಲ್ಲಿ ಅಚ್ಚು ಹಾಕಿದ, ಮಡಿಕೆಯಿಲ್ಲದ, ಹೊಚ್ಚಹೊಸ ಪ್ರಶ್ನೆಪತ್ರಿಕೆ ಇತ್ತು. ಉತ್ತರಪತ್ರಿಕೆಯ ಕಟ್ಟಿನ ಜೊತೆಗೇ ಉಳಿದ ಪ್ರತಿಗಳು ಬಂದಿದ್ದವಂತೆ. ಚಹಾದ ಉಂಗುರದ ಸರಿ ನಡುವೆ "ವಿಮರ್ಶಿಸಿ" ಅಂತ ಇತ್ತು. ಅರ್ಕಾವೊತ್ತು ಕೊಕ್ಕೆ ಹಾಕಿಕೊಂಡು ಕೂತಿತ್ತು. ಬೆಳಗ್ಗಿನಿಂದ ನಾನು ಮೊಬೈಲಿನಲ್ಲೇ ಆ ಎಕ್ಸ್‌ರೇ ನೋಡುತ್ತಿದ್ದೆ, ಮೂರಡಿ ದೂರದ ಕಟ್ಟಿಗೆ ಕೈ ಹಾಕಿರಲಿಲ್ಲ.

ಸ್ಕೀಮ್ ಮತ್ತೆ ಬರೆಯಲು ಕೂತೆ. ತಪ್ಪು ಒಂದೇ ಶಬ್ದದ್ದಲ್ಲ. ಪ್ರಶ್ನೆ ಕೇಳಿದ್ದು ಉತ್ತರ ಕನ್ನಡದ ಪಾತ್ರ, ನಾನು ಅರ್ಧದಷ್ಟು ಅಂಕ ಗುಜರಾತಿಗೆ ಕೊಟ್ಟಿದ್ದೆ. ದಾಂಡಿಯ ವಿವರ ಹಿನ್ನೆಲೆಯಾಗಿ ಒಂದು ವಾಕ್ಯ ಬರಲಿ, ಅದಕ್ಕೆ ಅಂಕ ಇಲ್ಲ ಅಂದೆವು. ಜಿಲ್ಲೆಯ ಸಂಗತಿಗಳಿಗೆ 4. ಎಷ್ಟೇ ಬರೆದರೂ ನಾಲ್ಕಕ್ಕಿಂತ ಮೇಲೆ ಇಲ್ಲ. ಈ ಮೇಲ್ಮಿತಿ ಬರೆಯದಿದ್ದರೆ ಪಟ್ಟಿ ಬರೆದವನೇ ಗೆಲ್ಲುತ್ತಾನೆ. ವಾದಕ್ಕೆ 4, ತೀರ್ಮಾನಕ್ಕೆ 1, ಜೋಡಣೆಗೆ 1. ಅಕ್ಷರದ ಅಂದಕ್ಕೆ ಏನೂ ಇಲ್ಲ.

ವಾದಕ್ಕೆ ಅಂಕ ಹಂಚುವ ರೂಬ್ರಿಕ್‌ನಲ್ಲಿ ನಾನು ಮೊದಲು ಬರೆದದ್ದು: "ಅತ್ಯುತ್ತಮ 4, ಉತ್ತಮ 3, ಸಾಧಾರಣ 2." ಮೇಡಂ ಕೇಳಿದರು: "ಉತ್ತಮಕ್ಕೂ ಅತ್ಯುತ್ತಮಕ್ಕೂ ನಡುವೆ ಎಷ್ಟು ಸಕ್ಕರೆ ಸರ್?" ಹೌದಲ್ಲ. ನನ್ನ ಉತ್ತಮ ಅವರಿಗೆ ಸಾಧಾರಣ ಆಗಬಹುದು, ಊಟಕ್ಕೆ ಮೊದಲು ಒಂದು, ಊಟದ ಮೇಲೆ ಇನ್ನೊಂದು. ಪತ್ರಿಕೆಯಲ್ಲಿ ಬೆರಳಿಟ್ಟು ತೋರಿಸಬಹುದಾದದ್ದನ್ನೇ ಬರೆಯಬೇಕು. ಕೊನೆಗೆ ಹೀಗಾಯಿತು: ಸಂಗತಿ ಹೇಳಿ ಬಿಟ್ಟಿದ್ದರೆ 0. ಒಂದು ನಿಲುವು ಇದೆ, ಕಾರಣ ಇಲ್ಲ ಅಂದರೆ 1. ನಿಲುವಿಗೆ ಕಾರಣ ಇದೆ, ಅದಕ್ಕೆ ಜಿಲ್ಲೆಯ ಒಂದಾದರೂ ಸಂಗತಿ ಆಧಾರವಾಗಿದೆ ಅಂದರೆ 2. ಎರಡು ಸಂಗತಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಿದ್ದರೆ 3. ಜೊತೆಗೆ ಚಳವಳಿಯ ಮಿತಿಯನ್ನೂ ತೋರಿಸಿದ್ದರೆ 4.

ಮತ್ತೆ ಅದೇ ಐದು ಪತ್ರಿಕೆ. ಮೊದಲ ಹುಡುಗನಿಗೆ ಸಂಗತಿಗೆ 4, ವಾದ ಸೊನ್ನೆ, "ಹೀಗೆ ಜಿಲ್ಲೆಯ ಜನರು ಹೋರಾಡಿದರು" ಅನ್ನುವುದು ತೀರ್ಮಾನ ಅಲ್ಲ, ಜೋಡಣೆಗೆ 1. ಒಟ್ಟು 5. ಇಬ್ಬರದೂ ಐದೇ. ಮೂರನೇ ಪತ್ರಿಕೆಗೆ ನಾನು 8, ಅವರು 9. ಕೂಲಿಯವರ ಮಾತು ಮಿತಿ ತೋರಿಸಿದ್ದೋ, ಬರೀ ಪ್ರಶ್ನೆ ಕೇಳಿದ್ದೋ ಅಂತ ಹತ್ತು ನಿಮಿಷ ಜಗಳವಾಡಿದೆವು. ಸೋತದ್ದು ನಾನು.

ನಾಲ್ಕನೆಯದರಲ್ಲಿ ಒಬ್ಬ ಮಹಾಶಯ ಅಂಕೋಲೆಯ ಉಪ್ಪಿನ ಸತ್ಯಾಗ್ರಹವನ್ನು 1932ಕ್ಕೆ ತಳ್ಳಿ, ಅದರ ಮೇಲೆ ಲೆಕ್ಕ ಹಾಕಿ ಕರನಿರಾಕರಣೆಯನ್ನು 1934ಕ್ಕೆ ಕಳಿಸಿದ್ದ. ನನ್ನ ಕೆಂಪು ಪೆನ್ನು ಚೀಟಿಯಲ್ಲಿ ಎರಡು ಕಡೆ ಕುಣಿಯಿತು. ಮೇಡಂ ತಡೆದರು: ಎರಡನೇ ತಪ್ಪು ಮೊದಲನೆಯದರ ಮಗು, ಒಂದೇ ಸಲ ಕಳೆಯಬೇಕು. ಅದನ್ನೂ ಸ್ಕೀಮಿನ ಕೆಳಗೆ ಬರೆದೆವು. ಸ್ಕೀಮಿನಲ್ಲಿ ಇಲ್ಲದ, ಆದರೆ ಸರಿಯಾದ ಸಂಗತಿ ಬಂದರೆ ಅಂಕ ಕೊಟ್ಟು ಪಟ್ಟಿಗೆ ಸೇರಿಸಬೇಕು ಅಂತ ಇನ್ನೊಂದು ಸಾಲು.

ಉಳಿದ 61 ಪತ್ರಿಕೆ ಮುಗಿಯುವಾಗ ಸಂಜೆ ಆರು. ಮಳೆ ಬಿಟ್ಟಿತ್ತು. ಫೋನ್ ಹೊಡೆದುಕೊಂಡಿತು. ಗುಡ್ಡದ ಮೇಲಿಂದ ಮೇಷ್ಟ್ರು. ಹಿಂದೆ ಗಾಳಿ, ಯಾರದೋ ನಾಯಿ.

"ಆಯ್ತನ್ರೀ? ತೊಂದ್ರೆ ಎಂತದೂ ಆಗ್ಲಿಲ್ಲ ಅಲ್ದಾ?"

"ಇಲ್ಲ ಸರ್, ಎಲ್ಲ ಸುಸೂತ್ರ," ಅಂದೆ.

"ಆಗ್ತದೆ ಬಿಡಿ. ಸ್ಕೀಮ್ ಪಾಯಿಂಟ್ಸ್ ಅದೇ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೆನಲ್ಲ. ಆ ಕಡೆ ಫೋಟೋ ಹೊಡೆದು ಹಾಕಿರ್ಲಿಲ್ವಾ ನಾನು? ಹಲೋ? ಹಲೋ?"

ಲೈನ್ ಕಟ್ಟಾಯಿತು.