ನೆಗಡಿ ಮಾತ್ರೆಗೂ ಮುಂಚೆ ಕೇಳಿದ ಪ್ರಶ್ನೆಗಳು

ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ನಮ್ಮ ಮನೆಯ ಹತ್ತಿರದ ಔಷಧಿ ಅಂಗಡಿಗೆ ಹೋಗಿ, ಮೂಗು ಸೋರುವುದಕ್ಕೆ ಕ್ಲೋರ್‌ಫೆನಿರಮೈನ್ ಮಾತ್ರೆ ಬೇಕೆಂದು ಕೇಳಿದಾಗ, ಕೌಂಟರಿನಲ್ಲಿದ್ದ ಫಾರ್ಮಸಿಸ್ಟ್ ಮಾತ್ರೆಯ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಮಾತ್ರೆ ಯಾರಿಗೆ, ಎಷ್ಟು ದಿನದಿಂದ ಸೋರುತ್ತಿದೆ, ಕಣ್ಣು ಮತ್ತು ಮೂಗು ತುರಿಸುತ್ತವೆಯೇ, ಗಂಟಲು ನೋವು ಇದೆಯೇ, ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತೀರಿ, ಗ್ಲಾಕೋಮಾ ಅಥವಾ ಮೂತ್ರದ ತೊಂದರೆ ಇದೆಯೇ, ನಾಳೆ ಬೆಳಿಗ್ಗೆ ಕಾರು ಓಡಿಸುತ್ತೀರಾ ಎಂದು ಸಮಾಧಾನವಾಗಿ ಒಂದಾದ ಮೇಲೊಂದು ಕೇಳಿದರು. ತುರಿಕೆ ಇಲ್ಲ, ಗಂಟಲು ನೋವು ಇದೆ, ಶುರುವಾಗಿ ಮೂರು ದಿನವಾಯಿತು ಎಂಬ ಉತ್ತರ ಸಿಕ್ಕ ಮೇಲೆ, ಇದು ಅಲರ್ಜಿಯಲ್ಲ, ನೆಗಡಿ, ಈ ಹೊತ್ತಿನಲ್ಲಿ ಆ ಮಾತ್ರೆಯಿಂದ ನಿಮಗೆ ಹೇಳಿಕೊಳ್ಳುವಂಥ ಪ್ರಯೋಜನವಾಗುವುದಿಲ್ಲ ಎಂದರು. ಉಪ್ಪುನೀರಿನ ಸ್ಪ್ರೇ ಒಂದನ್ನು ಕೊಟ್ಟು, ಮೈಕೈ ನೋವಿದ್ದರೆ ಪ್ಯಾರಾಸಿಟಮಾಲ್ ಸಾಕು ಎಂದು ಕಳುಹಿಸಿದರು. ಮಾರಲು ಕುಳಿತವರೇ ಬೇಡವೆನ್ನುವುದನ್ನು ನಾನು ಊರಿನಲ್ಲಿ ಕಂಡವನಲ್ಲ.

ನಮ್ಮ ತಿಪಟೂರಿನ ಕಡೆ ನೆಗಡಿಯೆಂದರೆ ಮೊದಲು ಮೆಣಸಿನ ಸಾರು, ಆಮೇಲೆ ನೀಲಗಿರಿ ಎಣ್ಣೆ ಹಾಕಿದ ಹಬೆ, ಅದಕ್ಕೂ ಜಗ್ಗದಿದ್ದರೆ ಮೆಡಿಕಲ್ ಶಾಪು. ಅಲ್ಲಿ "ನೆಗಡಿಗೆ ಏನಾದ್ರೂ ಕೊಡಿ" ಎಂದರೆ ಸಾಕು, ಸ್ಟ್ರಿಪ್ಪಿನಿಂದ ಕತ್ತರಿಸಿದ ನಾಲ್ಕು ಮಾತ್ರೆ ಸಣ್ಣ ಕಾಗದದ ಕವರಿನಲ್ಲಿ ಬರುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಿಗಳಿರುತ್ತವೆ: ಪ್ಯಾರಾಸಿಟಮಾಲ್, ಮೂಗಿನ ಕಟ್ಟು ಬಿಡಿಸಲೆಂದು ಫಿನೈಲೆಫ್ರಿನ್, ಮತ್ತು 2 ಮಿಲಿಗ್ರಾಂ ಕ್ಲೋರ್‌ಫೆನಿರಮೈನ್. ಈ ಮೂರನೆಯದೇ ಆಂಟಿಹಿಸ್ಟಮಿನ್, ಅಂದರೆ ಅಲರ್ಜಿಗೆ ಕೊಡುವ ಬಗೆಯ ಔಷಧಿ. ನುಂಗಿದ ಮೇಲೆ ಬಾಯಿ ಒಣಗಿಸುವುದೂ ಕಣ್ಣು ಎಳೆಸುವುದೂ ಅದೇ. ತೂಕಡಿಕೆ ಬಂದರೆ ಔಷಧಿ ಚೆನ್ನಾಗಿ ಹಿಡಿಯಿತು ಎಂದು ನಮ್ಮ ಮನೆಗಳಲ್ಲಿ ಸಮಾಧಾನಪಡುತ್ತಾರೆ. ಆ ತೂಕಡಿಕೆಗೂ ಮೂಗಿಗೂ ಎಷ್ಟು ಸಂಬಂಧವಿದೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಫಾರ್ಮಸಿಸ್ಟ್ ತುರಿಕೆಯ ಬಗ್ಗೆ ಕೇಳಿದ್ದರ ಹಿಂದೆ ಇಡೀ ವಿಷಯ ಅಡಗಿದೆ. ಪರಾಗವೋ ಧೂಳೋ ಒಗ್ಗದೆ ಮೂಗು ಸೋರುವಾಗ, ಮೂಗಿನ ಒಳಪದರದಲ್ಲಿರುವ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ. ತುರಿಕೆ, ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಇವೆಲ್ಲ ಬಹುಮಟ್ಟಿಗೆ ಅದರ ಕೆಲಸ. ಆದ್ದರಿಂದ ಅಲ್ಲಿ ಹಿಸ್ಟಮಿನ್ ಕೂರುವ ಜಾಗವನ್ನು ಮೊದಲೇ ಆಕ್ರಮಿಸಿಕೊಳ್ಳುವ ಔಷಧಿ ನೇರವಾಗಿ ಫಲ ಕೊಡುತ್ತದೆ. ವೈರಸ್ಸಿನಿಂದ ಬರುವ ನೆಗಡಿಯ ಕಥೆ ಬೇರೆ. ನೆಗಡಿಯಾದವರ ಮೂಗಿನ ದ್ರವವನ್ನು ಪರೀಕ್ಷಿಸಿದಾಗ ಹಿಸ್ಟಮಿನ್ ಹೆಚ್ಚಿರುವುದು ಕಂಡುಬರಲಿಲ್ಲ. ಹೆಚ್ಚಿದ್ದವು ಬ್ರಾಡಿಕೈನಿನ್‌ನಂಥ ಬೇರೆ ಪದಾರ್ಥಗಳು. ರಕ್ತನಾಳಗಳು ಹಿಗ್ಗಿ ನೀರು ಒಸರುವುದಕ್ಕೂ ಗಂಟಲು ಕೆರೆಯುವುದಕ್ಕೂ ಅವು ಕಾರಣ. ಅಲ್ಲಿ ಮುಖ್ಯ ಪಾತ್ರವೇ ಇಲ್ಲದ ಹಿಸ್ಟಮಿನ್ನನ್ನು ತಡೆದರೆ ಸೋರಿಕೆ ನಿಲ್ಲುವುದು ಹೇಗೆ? ಮಂಪರು ಕಡಿಮೆಯಿರುವ ಸೆಟಿರಿಜಿನ್, ಲೊರಟಡಿನ್‌ಗಳು ಅಲರ್ಜಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡಿಯೂ ನೆಗಡಿಯ ಮುಂದೆ ಸೋಲುವುದು ಇದೇ ಕಾರಣಕ್ಕೆ.

ಆದರೂ ಹಳೆಯ ಕ್ಲೋರ್‌ಫೆನಿರಮೈನ್ ನುಂಗಿದರೆ ಮೂಗು ಸ್ವಲ್ಪ ಒಣಗುತ್ತದೆ ಎಂಬುದು ಎಲ್ಲರ ಅನುಭವ, ಅದು ಸುಳ್ಳಲ್ಲ. ಆ ಒಣಗುವಿಕೆ ಬರುವುದು ಇನ್ನೊಂದು ದಾರಿಯಿಂದ. ಹಿಸ್ಟಮಿನ್ನಿನ ಜೊತೆಗೆ ಅಸಿಟೈಲ್‌ಕೋಲಿನ್ ಎಂಬ ನರಸಂದೇಶವನ್ನೂ ಈ ಹಳೆಯ ಔಷಧಿ ತಡೆಯುತ್ತದೆ. ಮೂಗಿನ ಗ್ರಂಥಿಗಳಿಗೆ ಸ್ರವಿಸು ಎಂದು ಹೇಳುವುದೂ, ಬಾಯಲ್ಲಿ ಜೊಲ್ಲು ಬರಿಸುವುದೂ, ಮೂತ್ರಕೋಶವನ್ನು ಹಿಂಡಿ ಖಾಲಿ ಮಾಡಿಸುವುದೂ ಅದೇ ಸಂದೇಶ. ಹೀಗಾಗಿ ಮೂಗಿಗೆ ಸಿಗುವ ಅಲ್ಪ ಲಾಭ ಮತ್ತು ಉಳಿದ ಅಂಗಗಳಿಗೆ ಆಗುವ ತೊಂದರೆ ಒಂದೇ ಮೂಲದಿಂದ ಬರುತ್ತವೆ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲಾಗುವುದಿಲ್ಲ.

ಲಾಭ ಎಷ್ಟು ಅಲ್ಪ ಎಂಬುದಕ್ಕೂ ಲೆಕ್ಕವಿದೆ. ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ವಿಮರ್ಶೆಯೊಂದು ನೆಗಡಿಗೆ ಆಂಟಿಹಿಸ್ಟಮಿನ್ ಒಂದನ್ನೇ ಕೊಟ್ಟು ನಡೆಸಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ನೋಡಿತು. ಮೊದಲ ಒಂದೆರಡು ದಿನಗಳಲ್ಲಿ ಔಷಧಿ ಪಡೆದ ದೊಡ್ಡವರಲ್ಲಿ ನೂರಕ್ಕೆ 45 ಜನ ಒಟ್ಟಾರೆ ಸುಧಾರಿಸಿದೆ ಎಂದರು, ಔಷಧಿಯಿಲ್ಲದ ತೋರಿಕೆಯ ಮಾತ್ರೆ ಪಡೆದವರಲ್ಲೂ 38 ಜನ ಹಾಗೆಯೇ ಹೇಳಿದರು. ಆ ಒಂದೆರಡು ದಿನ ಕಳೆದ ಮೇಲೆ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಉಳಿಯಲಿಲ್ಲ. ಮೂಗು ಸೋರುವುದು ಮತ್ತು ಸೀನುವುದರಲ್ಲಿ ಮಂಪರು ತರುವ ಹಳೆಯ ಔಷಧಿಗಳಿಂದ ಮಾತ್ರ ಸಣ್ಣ ಇಳಿತ ಕಂಡಿತು, ಅದೂ ರೋಗಿಗೆ ಎದ್ದು ಕಾಣುವಷ್ಟಲ್ಲ. ಫಾರ್ಮಸಿಸ್ಟ್ ಎಷ್ಟು ದಿನವಾಯಿತೆಂದು ಕೇಳಿದ್ದೂ, ಮೂರು ದಿನ ಎಂದೊಡನೆ ಮಾತ್ರೆ ಬೇಡವೆಂದದ್ದೂ ಈ ಲೆಕ್ಕಕ್ಕೆ ಸರಿಯಾಗಿಯೇ ಇತ್ತು.

ಇನ್ನು ಮಂಪರಿನ ಮಾತು. ಮೂಗಿನಲ್ಲಿ ಉಪದ್ರವ ಕೊಡುವ ಹಿಸ್ಟಮಿನ್ನೇ ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಮೆದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ಸಿನ ಹಿಂಬದಿಯಲ್ಲಿ ಒಂದು ಸಣ್ಣ ನರಕೋಶಗಳ ಗುಂಪಿದೆ. ಎಚ್ಚರವಿರುವಷ್ಟು ಹೊತ್ತು ಅದು ಮೆದುಳಿನ ಎಲ್ಲ ಕಡೆಗೂ ಹಿಸ್ಟಮಿನ್ ಕಳುಹಿಸುತ್ತಿರುತ್ತದೆ, ನಿದ್ದೆಯಲ್ಲಿ ಬಹುತೇಕ ಸುಮ್ಮನಾಗುತ್ತದೆ. ಹಳೆಯ ಆಂಟಿಹಿಸ್ಟಮಿನ್‌ಗಳು ಕೊಬ್ಬಿನಲ್ಲಿ ಸುಲಭವಾಗಿ ಕರಗುವುದರಿಂದ, ರಕ್ತದಿಂದ ಮೆದುಳಿಗೆ ಸಿಕ್ಕಸಿಕ್ಕದ್ದು ನುಗ್ಗದಂತೆ ಇರುವ ತಡೆಯನ್ನು ದಾಟಿ ಒಳಗೆ ಹೋಗುತ್ತವೆ ಮತ್ತು ಆ ಎಚ್ಚರದ ಸಂದೇಶವನ್ನು ಅಡಗಿಸುತ್ತವೆ. ಹೊಸ ಪೀಳಿಗೆಯ ಫೆಕ್ಸೊಫೆನಡಿನ್‌ನಂಥವುಗಳನ್ನು ಅದೇ ತಡೆಯಲ್ಲಿರುವ ಒಂದು ಪ್ರೋಟೀನು, ಕರೆಯದೆ ಬಂದವರನ್ನು ಹೊಸಿಲಲ್ಲೇ ತಡೆದು ಹಿಂದಕ್ಕೆ ಕಳುಹಿಸುವ ಹಾಗೆ, ರಕ್ತಕ್ಕೇ ಮರಳಿ ತಳ್ಳುತ್ತದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಸಂಶೋಧಕರು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಕ್ಲೋರ್‌ಫೆನಿರಮೈನ್ ಗುಂಪಿನ ಔಷಧಿ ಸಾಮಾನ್ಯ ಪ್ರಮಾಣದಲ್ಲೇ ಹಿಸ್ಟಮಿನ್ ಕೂರುವ ಜಾಗಗಳಲ್ಲಿ ಅರ್ಧದ ಆಸುಪಾಸಿನಷ್ಟನ್ನು ಆಕ್ರಮಿಸಿತ್ತು. ಫೆಕ್ಸೊಫೆನಡಿನ್ ಬಹುತೇಕ ಏನನ್ನೂ ಮುಟ್ಟಿರಲಿಲ್ಲ.

ಆ ಮಂಪರು ಒಂದು ರಾತ್ರಿಗೆ ಮುಗಿಯುವುದೂ ಇಲ್ಲ. ದೊಡ್ಡವರ ದೇಹದಲ್ಲಿ ಕ್ಲೋರ್‌ಫೆನಿರಮೈನ್ ಅರ್ಧಕ್ಕಿಳಿಯಲು ಸುಮಾರು 20 ಗಂಟೆ ಬೇಕು. ರಾತ್ರಿ ಹತ್ತಕ್ಕೆ ನುಂಗಿದ ಮಾತ್ರೆಯ ಅರ್ಧದಷ್ಟು ಮರುದಿನ ಸಂಜೆ ಆರಕ್ಕೂ ಒಳಗೇ ಇರುತ್ತದೆ. ನಿದ್ದೆ ತಿಳಿಯಾಯಿತು ಎಂದುಕೊಂಡು ಬೈಕ್ ಹತ್ತಿದವರ ಕೈ ಅಷ್ಟೇ ಚುರುಕಾಗಿರುತ್ತದೆಂದು ಹೇಳುವಂತಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಕಾರು ಓಡಿಸುವ ಸಿಮ್ಯುಲೇಟರಿನಲ್ಲಿ ನಡೆದ, 2000ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದೇ ಹಳೆಯ ಗುಂಪಿನ ಡೈಫೆನ್‌ಹೈಡ್ರಮಿನ್ ತೆಗೆದುಕೊಂಡವರು ಮದ್ಯ ಕುಡಿದವರಿಗಿಂತ ಕೆಟ್ಟದಾಗಿ ಓಡಿಸಿದರು. ಅದಕ್ಕಿಂತ ಮುಖ್ಯವಾದದ್ದು, ತಮಗೆ ಎಷ್ಟು ತೂಕಡಿಕೆಯಿದೆ ಎಂದು ಅವರೇ ಹೇಳಿಕೊಂಡದ್ದಕ್ಕೂ ಅವರು ಓಡಿಸಿದ ರೀತಿಗೂ ತಾಳೆಯಾಗಲಿಲ್ಲ. ಇಲ್ಲಿ ಮಾತ್ರೆಯ ಡಬ್ಬಿಯ ಮೇಲೆಯೇ ವಾಹನ ಓಡಿಸುವ ಬಗ್ಗೆ ಎಚ್ಚರಿಕೆ ಇರುತ್ತದೆ, ಕೌಂಟರಿನಲ್ಲೂ ಹೇಳುತ್ತಾರೆ. ಕತ್ತರಿಸಿ ಕವರಿಗೆ ಹಾಕಿದ ನಾಲ್ಕು ಮಾತ್ರೆಗಳ ಮೇಲೆ ಔಷಧಿಯ ಹೆಸರೇ ಪೂರ್ತಿ ಉಳಿದಿರುವುದಿಲ್ಲ.

ನಮ್ಮ ಚಿಕ್ಕಪ್ಪನಿಗೆ ಆದದ್ದನ್ನು ನೆನೆದರೆ ಈ ವ್ಯತ್ಯಾಸದ ಬಗ್ಗೆ ನನಗೆ ತಾಳ್ಮೆ ಉಳಿಯುವುದಿಲ್ಲ. ಎಪ್ಪತ್ತರ ಹತ್ತಿರದ ಅವರು ಮೂತ್ರದ ದಾರಿಯನ್ನು ಸುತ್ತುವರಿದಿರುವ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿದ್ದಕ್ಕೆ ವರ್ಷಗಳಿಂದ ಮಾತ್ರೆ ನುಂಗುವವರು. ನೆಗಡಿಯೆಂದು ಪೇಟೆಯ ಅಂಗಡಿಗೆ ಹೋದಾಗ "ಬೆಳಿಗ್ಗೆ ಒಂದು, ರಾತ್ರಿ ಒಂದು ತಗೊಳ್ಳಿ ಯಜಮಾನ್ರೆ" ಎಂಬಷ್ಟೇ ಮಾತಿನೊಡನೆ ಮಾತ್ರೆ ಸಿಕ್ಕಿತು. ಎರಡನೆಯ ದಿನ ಹಗಲೆಲ್ಲ ಮಂಕಾಗಿ ಕುಳಿತಿದ್ದರು, ಬಾಯಿ ಒಣಗುತ್ತದೆಂದು ನೀರು ಕುಡಿಯುತ್ತಲೇ ಇದ್ದರು. ಆ ರಾತ್ರಿ ಮೂತ್ರ ಹೋಗಲೇ ಇಲ್ಲ. ಕಿಬ್ಬೊಟ್ಟೆ ಉಬ್ಬಿ, ನೋವು ತಡೆಯಲಾರದೆ, ಬೆಳಗಿನ ಜಾವ ಆಸ್ಪತ್ರೆಯಲ್ಲಿ ಟ್ಯೂಬು ಹಾಕಿ ತೆಗೆಯಬೇಕಾಯಿತು. ಮೊದಲೇ ಇಕ್ಕಟ್ಟಾದ ದಾರಿ, ಅದರ ಮೇಲೆ ಹಿಂಡುವ ಶಕ್ತಿಯನ್ನೂ ಕುಗ್ಗಿಸುವ ಔಷಧಿ. "ನೀವು ಬೇರೆ ಯಾವ ಮಾತ್ರೆ ತಗೋತೀರಿ" ಎಂಬ ಒಂದು ಪ್ರಶ್ನೆ ಇದನ್ನು ತಪ್ಪಿಸುತ್ತಿತ್ತು. ವಯಸ್ಸಾದವರು ನೆಗಡಿ ಮಾತ್ರೆ ಶುರುಮಾಡಿದ ಮೇಲೆ ಮೂತ್ರ ಸಣ್ಣಗೆ ಹೋಗತೊಡಗಿದರೆ, ಮಾತು ತಡವರಿಸಿದರೆ, ಎದ್ದು ನಿಂತಾಗ ತೂರಾಡಿದರೆ, ಮನೆಯವರು ಮೊದಲು ಆ ಮಾತ್ರೆಯನ್ನು ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಮೂತ್ರ ಪೂರ್ತಿ ಕಟ್ಟಿದರೆ ಬೆಳಗಾಗಲೆಂದು ಕಾಯಬಾರದು.

ಮಕ್ಕಳ ವಿಷಯದಲ್ಲೂ ಊರಿನವರಿಗೆ ಬುದ್ಧಿ ಬಂದದ್ದು ತಡವಾಗಿ. ಆರು ವರ್ಷದೊಳಗಿನವರಿಗೆ ಇಂಥ ಕೆಮ್ಮು-ನೆಗಡಿಯ ಔಷಧಿ ಕೊಡಬಾರದೆಂದು ಬ್ರಿಟನ್ 2009ರಲ್ಲೇ ಹೇಳಿತು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಡ್ರಾಪ್ಸನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂಬ ಎಚ್ಚರಿಕೆಯನ್ನು ಲೇಬಲ್ಲಿನಲ್ಲಿ ಮುದ್ರಿಸಲು ಭಾರತದ ಔಷಧಿ ನಿಯಂತ್ರಕರು ಸೂಚಿಸಿದ್ದು 2023ರ ಡಿಸೆಂಬರಿನಲ್ಲಿ. ಮಗು ಮಲಗಿತೆಂದರೆ ನೆಗಡಿ ಇಳಿಯಿತೆಂದು ಅರ್ಥವಲ್ಲ.

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ರಾತ್ರಿ ಮಲಗಲು ಮಂಪರು ತರುವ ಆಂಟಿಹಿಸ್ಟಮಿನ್ ಬೆರೆಸಿದ ನೆಗಡಿ ಸಿರಪ್ಪುಗಳನ್ನು ಈ ದೇಶದ ಔಷಧಿ ಅಂಗಡಿಗಳೂ ಮಾರುತ್ತವೆ. ಆಂಟಿಹಿಸ್ಟಮಿನ್ ಒಂಟಿಯಾಗಿ ಮಾಡದ್ದನ್ನು, ಮೂಗಿನ ಕಟ್ಟು ಬಿಡಿಸುವ ಔಷಧಿ ಮತ್ತು ನೋವಿನ ಮಾತ್ರೆಯ ಜೊತೆ ಸೇರಿದಾಗ ದೊಡ್ಡವರಲ್ಲಿ ಸ್ವಲ್ಪಮಟ್ಟಿಗೆ ಮಾಡುತ್ತದೆಂದು ತೋರಿಸಿದ ಪ್ರಯೋಗಗಳೂ ಇವೆ, ಆದ್ದರಿಂದ ಊರಿನ ಮೂರು ಔಷಧಿಯ ಮಾತ್ರೆಯನ್ನು ಪೂರ್ತಿ ನಿರರ್ಥಕವೆನ್ನಲಾರೆ. ಬೇರೆ ಕಾಯಿಲೆಯಿಲ್ಲದ, ಮರುದಿನ ವಾಹನ ಮುಟ್ಟದ, ಆ ರಾತ್ರಿ ಕುಡಿಯದ ಗಟ್ಟಿಮುಟ್ಟಾದ ದೊಡ್ಡವರು ನೆಗಡಿಯ ಮೊದಲ ಎರಡು ರಾತ್ರಿ ಅದನ್ನು ನುಂಗಿ ನಿದ್ದೆ ಮಾಡಿದರೆ ತಪ್ಪೆಂದು ಯಾವ ಫಾರ್ಮಸಿಸ್ಟೂ ಹೇಳಲಿಕ್ಕಿಲ್ಲ. ಇಲ್ಲಿ ಡಾಕ್ಟರನ್ನು ನೋಡಲು ದಿನಗಟ್ಟಲೆ ಕಾಯುವಾಗ, ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆದಿರುವ, ಮನೆಯವರ ಹೆಸರು ಹಿಡಿದು ಮಾತಾಡಿಸುವ ತಿಪಟೂರಿನ ಮೆಡಿಕಲ್ ಶಾಪು ನನಗೂ ನೆನಪಾಗುತ್ತದೆ. ಅಷ್ಟು ಪರಿಚಯವಿರುವವರಿಗೆ ಯಾರ ಮನೆಯಲ್ಲಿ ಪ್ರಾಸ್ಟೇಟ್ ಮಾತ್ರೆ, ಯಾರ ಮನೆಯಲ್ಲಿ ಗ್ಲಾಕೋಮಾದ ಡ್ರಾಪ್ಸು ಹೋಗುತ್ತದೆಂಬುದು ರೆಡಿಂಗಿನ ಫಾರ್ಮಸಿಸ್ಟಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಏಕೆಂದರೆ ಅವನ್ನು ತಿಂಗಳು ತಿಂಗಳು ಕೊಡುವವರೂ ಅವರೇ.