ಪಲ್ಲವಿ ಮಾತ್ರ ಸಾವೇರಿಯಲ್ಲೇ ಉಳಿದದ್ದು ಏಕೆ?

ಪುಣೆಯ ಕೋಥರೂಡಿನಲ್ಲಿ ನಮ್ಮ ಮೇಲಿನ ಮನೆಯಲ್ಲಿರುವ ಧಾರವಾಡದ ಕಾಕಾ ಹಿಂದುಸ್ತಾನಿ ಸಂಗೀತವನ್ನೇ ಕೇಳಿ ಬೆಳೆದವರು. ಬಹಳ ಹಿಂದೆ ಮುಂಬಯಿಯ ಮಾಟುಂಗಾದಲ್ಲಿ ಕೊಂಡಿದ್ದ ಹಳೆಯ ಕ್ಯಾಸೆಟ್ಟೊಂದನ್ನು ಕಳೆದ ಭಾನುವಾರ ಅವರೆದುರು ಹಾಕಿದೆ. ಅದರ ಮೇಲಿನ ಚೀಟಿ ಹರಿದುಹೋಗಿತ್ತು, ಎರಡನೆಯ ಬದಿಯ ಹಾಡು ನಡುವಿನಿಂದಲೇ ಶುರುವಾಗುತ್ತಿತ್ತು. ಕಾಕಾ ನಾಲ್ಕು ಸ್ವರ ಕೇಳಿ "ಭೂಪ" ಎಂದರು. ಕರ್ನಾಟಕ ಪದ್ಧತಿಯಲ್ಲಿ ಅದನ್ನೇ ಮೋಹನ ಎನ್ನುತ್ತೇವಾದ್ದರಿಂದ ನಾನೂ ಒಪ್ಪಿದೆ. ಅಷ್ಟರಲ್ಲಿ ಚರಣದ ಕೊನೆಗೆ ಹಾಡುವ ಸ್ವರಗುಚ್ಛವಾದ ಚಿಟ್ಟೆಸ್ವರ ಮುಗಿದು ಬೇರೊಂದು ಸಾಲು ಬಂತು. ಕಾಕಾ ಹುಬ್ಬೇರಿಸಿದರು: "ಭೂಪ ನಡದಿತ್ತಲ್ಲೋ, ನಡುವ ಈ ಜೋಗಿಯಾ ಎಲ್ಲಿಂದ ಬಂತು?"

ಅವರ ಕಿವಿ ತಪ್ಪಿರಲಿಲ್ಲ. ಆ ಸಾಲು ಸಾವೇರಿ ರಾಗದ್ದು, ಸಾವೇರಿಯ ಆರೋಹಣ ಜೋಗಿಯಾಕ್ಕೆ ತೀರ ಹತ್ತಿರದ್ದು. ಮೋಹನದಲ್ಲಿ ರಿಷಭ, ಧೈವತಗಳೆರಡೂ ತೀವ್ರ, ಮಧ್ಯಮ ಮತ್ತು ನಿಷಾದ ಇಲ್ಲವೇ ಇಲ್ಲ. ಸಾವೇರಿಯಲ್ಲಿ ಅದೇ ರಿಷಭ, ಧೈವತಗಳು ಕೋಮಲಕ್ಕೆ ಇಳಿಯುತ್ತವೆ, ಏರುವಾಗ ಗಾಂಧಾರವನ್ನು ಬಿಟ್ಟು ಮಧ್ಯಮ ಬರುತ್ತದೆ. ಷಡ್ಜ, ಪಂಚಮಗಳು ಒಂದಿಷ್ಟೂ ಅಲುಗದೆ ಉಳಿದ ಸ್ವರಗಳೆಲ್ಲ ಬದಲಾದಾಗ ರಾಗದ ಹೆಸರು ತಿಳಿಯದವರಿಗೂ ಏನೋ ಆಯಿತೆಂದು ಗೊತ್ತಾಗುತ್ತದೆ.

ಠುಮ್ರಿ ಕೇಳಿದ ಕಿವಿಗೆ ಇಲ್ಲೊಂದು ಸಹಜವಾದ ಸಂಶಯ ಬರುತ್ತದೆ: ಗಾಯಕರು ಕ್ಷಣಕಾಲ ಬೇರೆ ರಾಗದ ನೆರಳು ತೋರಿಸಿದರೇ, ಅಥವಾ ರಚನೆಯೇ ಹೀಗಿದೆಯೇ? ನೆರಳಾದರೆ ಅದು ಸಾಲನ್ನು ಎರಡು ಮೂರು ಬಗೆಯಲ್ಲಿ ಹಾಡುವಷ್ಟರಲ್ಲಿ ಕರಗಿ ಮೂಲರಾಗಕ್ಕೆ ಮರಳುತ್ತದೆ. ನಾವು ಕೇಳಿದ್ದು ಹಾಗಿರಲಿಲ್ಲ. ಸಾವೇರಿಯ ಸಾಲು ಮುಗಿದ ಮೇಲೆ ಮೋಹನ ಮರಳಲೇ ಇಲ್ಲ, ಮುಖಾರಿ ಬಂತು. ಮುಖಾರಿಯ ಸ್ವರಗಳು ಮುಗಿದಾಗ ಮತ್ತೆ ಅದೇ ಸಾವೇರಿಯ ಸಾಲು, ಆಮೇಲೆ ಪೂರ್ವಿಕಲ್ಯಾಣಿ, ಮತ್ತೆ ಅದೇ ಸಾಲು. ಪಿಟೀಲಿನವರೂ ಎಲ್ಲಿಯೂ ತಡವರಿಸದೆ ಜೊತೆಯಲ್ಲೇ ತಿರುಗುತ್ತಿದ್ದರು. ಹೀಗೆ ಮರಳಿ ಮರಳಿ ಬರುವ ಸಾಲೇ ಪಲ್ಲವಿ. ಕೊನೆಯ ಚರಣ ಮಧ್ಯಮಾವತಿಗೆ, ಅಂದರೆ ಕಾಕಾರ ಮಧುಮಾದ ಸಾರಂಗಕ್ಕೆ ಸಮೀಪದ ರಾಗಕ್ಕೆ, ತಲುಪುವ ಹೊತ್ತಿಗೆ ಹೆಸರು ಹೇಳಲು ನನಗೆ ಚೀಟಿ ಬೇಕಾಗಿರಲಿಲ್ಲ. ಅದು ಸ್ವಾತಿ ತಿರುನಾಳರ 'ಭಾವಯಾಮಿ ರಘುರಾಮಂ'. ಪಲ್ಲವಿ, ಅನುಪಲ್ಲವಿಗಳು ಸಾವೇರಿಯಲ್ಲಿ, ಆರು ಚರಣಗಳು ಕ್ರಮವಾಗಿ ನಾಟಕುರಂಜಿ, ಧನ್ಯಾಸಿ, ಮೋಹನ, ಮುಖಾರಿ, ಪೂರ್ವಿಕಲ್ಯಾಣಿ ಮತ್ತು ಮಧ್ಯಮಾವತಿಯಲ್ಲಿವೆ. ದಂಡಕಾರಣ್ಯದ ಚರಣ ಮೋಹನದ್ದು, ಹಾಗಾಗಿ ಕ್ಯಾಸೆಟ್ಟಿನ ಆ ಬದಿ ರಾಮಾಯಣದ ಅರಣ್ಯಕಾಂಡದಿಂದ ಶುರುವಾಗಿತ್ತು.

ನನ್ನ ಮಟ್ಟಿಗೆ ನಿಜವಾದ ಸ್ವಾರಸ್ಯ ಶುರುವಾಗುವುದು ಇಲ್ಲಿಂದ. ರಾಗ ಬದಲಾದ ಮಾತ್ರಕ್ಕೆ ಕೃತಿ ಹುಟ್ಟಿನಿಂದಲೇ ರಾಗಮಾಲಿಕೆ, ಅಂದರೆ ಹಲವು ರಾಗಗಳನ್ನು ಪೋಣಿಸಿದ ರಚನೆ, ಎನ್ನಲಾಗದು. ಮುತ್ತುಸ್ವಾಮಿ ದೀಕ್ಷಿತರ ಹದಿನಾಲ್ಕು ರಾಗಗಳ 'ಶ್ರೀ ವಿಶ್ವನಾಥಂ' ಕೃತಿಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಶ್ರೀರಾಗದ ಹೆಸರು ಮೊದಲ ಅಕ್ಷರದಲ್ಲೇ ಇದೆ, ಮುಂದಿನ ರಾಗಗಳ ಹೆಸರುಗಳನ್ನೂ ಸಾಹಿತ್ಯದೊಳಗೆ ಹೆಣೆಯಲಾಗಿದೆ, ಕೊನೆಯಲ್ಲಿ ಹದಿನಾಲ್ಕೂ ರಾಗಗಳ ಸ್ವರಗಳು ಹಿಮ್ಮುಖವಾಗಿ ಶ್ರೀರಾಗಕ್ಕೆ ಇಳಿದು ಬರುತ್ತವೆ. ಅಲ್ಲಿ ರಾಗ ಬದಲಿಸಿದರೆ ಮಾತೇ ಸುಳ್ಳಾಗುತ್ತದೆ. 'ಭಾವಯಾಮಿ'ಯ ಸಾಹಿತ್ಯಕ್ಕೆ ರಾಗದ ಗೊಡವೆಯೇ ಇಲ್ಲ. ಚರಣಗಳೆಲ್ಲ ಸುಮಾರು ಒಂದೇ ಅಳತೆಯವು, ಆರನ್ನೂ ಒಂದೇ ಧಾತುವಿನಲ್ಲಿ, ಅಂದರೆ ಒಂದೇ ಮಟ್ಟಿನಲ್ಲಿ, ಹಾಡಿಕೊಂಡು ಹೋಗಬಹುದು. ಮೊದಲು ಇದ್ದದ್ದೂ ಹಾಗೆಯೇ: ಇಡೀ ಕೃತಿ ಸಾವೇರಿಯಲ್ಲೇ ಇತ್ತು. 1846ರಲ್ಲಿ ತೀರಿಕೊಂಡ ಸ್ವಾತಿ ತಿರುನಾಳರ ಈ ಕೃತಿಯ ಚರಣಗಳಿಗೆ ಬೇರೆ ಬೇರೆ ರಾಗಗಳನ್ನು ಕೂಡಿಸಿದವರು 20ನೆಯ ಶತಮಾನದ ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್. ಎಂ.ಎಸ್. ಸುಬ್ಬುಲಕ್ಷ್ಮಿಯವರ ಕಂಠದಲ್ಲಿ ಆ ರೂಪವೇ ಮನೆಮಾತಾಯಿತು. ಪಲ್ಲವಿಯ ಸಾವೇರಿ ಹಳೆಯ ಮನೆಯ ಉಳಿದ ಗೋಡೆಯಿದ್ದಂತೆ, ಸುತ್ತಲಿನ ಕೋಣೆಗಳನ್ನು ಹೊಸದಾಗಿ ಕಟ್ಟಲಾಗಿದೆ.

ಸಾಹಿತ್ಯದಲ್ಲಿ ರಾಗದ ಹೆಸರಿಲ್ಲ ಎಂಬುದೊಂದರಿಂದಲೇ ಹೀಗೆ ತೀರ್ಮಾನಿಸಬಾರದು. ರಾಗದ ಹೆಸರು ಹೇಳದ, ಆದರೂ ಮೂಲದಲ್ಲೇ ರಾಗಮಾಲಿಕೆಯಾಗಿರುವ ರಚನೆಗಳಿವೆ. ಸಾಹಿತ್ಯದ ಸುಳಿವು ಸಂಶಯ ಹುಟ್ಟಿಸುತ್ತದೆ, ಅದನ್ನು ಖಚಿತಪಡಿಸಬೇಕಾದದ್ದು ಪಾಠಾಂತರದ, ಅಂದರೆ ಹಾಡು ಗುರುವಿನಿಂದ ಶಿಷ್ಯರಿಗೆ ಹರಿದು ಬಂದ ಬಗೆಯ, ಇತಿಹಾಸ. ನಮ್ಮ ದಾಸರ ಪದಗಳಲ್ಲಿ ಕೆಲಸ ಇನ್ನೂ ಕಷ್ಟ, ಏಕೆಂದರೆ ಅವುಗಳ ಮೂಲ ಧಾಟಿಗಳು ಸ್ವರಲಿಪಿಯಲ್ಲಿ ಉಳಿದು ಬಂದಿಲ್ಲ. ಪುರಂದರದಾಸರ ಪದವೊಂದು ನುಡಿಗೊಂದು ರಾಗದಲ್ಲಿ ಕೇಳಿಸಿದರೆ ನಮಗೆ ತಿಳಿಯುವುದು ಈಚಿನ ರಾಗಸಂಯೋಜಕರ ರುಚಿಯೇ ಹೊರತು ದಾಸರದಲ್ಲ.

ಇದನ್ನೆಲ್ಲ ಕೇಳಿದ ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾದ್ರ ಎಲ್ಲಾ ಚರಣ ಸಾವೇರಿಯೊಳಗ ಹಾಡಿದ್ದು ಹೆಂಗ ಕೇಳಸ್ತಿತ್ತೋ?" ಎಂದರು. ಅಂದಿನಿಂದ ನಾನು ಮನೆಯಲ್ಲಿ ದಂಡಕಾರಣ್ಯದ ಚರಣವನ್ನು ಸಾವೇರಿಯಲ್ಲಿ ಕೂರಿಸಲು ನೋಡುತ್ತಿದ್ದೇನೆ, ಪ್ರತಿ ಸಲವೂ ಎರಡನೆಯ ಆವರ್ತದ ಹೊತ್ತಿಗೆ ನಾಲಿಗೆ ತಾನಾಗಿಯೇ ಮೋಹನಕ್ಕೆ ಜಾರುತ್ತದೆ.